ನಿಂತಾಗ ಉದುರುವ ಸ್ವರ: ಕುರ್‌ಆನಿನ ಪುಟ್ಟ ಆಯತ್‌ಗಳಲ್ಲಿ ಪ್ರಾಸ ಕೂಡುವ ಬಗೆ

ಅರಬ್ಬಿ ಅಕ್ಷರ ಕಲಿತ ಹೊಸದರಲ್ಲಿ ನಾನು ಓದಲು ಕೂತದ್ದು ಕುರ್‌ಆನಿನ 112ನೇ ಅಧ್ಯಾಯ, ಅಲ್ ಇಖ್ಲಾಸ್. ನಾಲ್ಕೇ ಆಯತ್, ಅಂದರೆ ನಾಲ್ಕೇ ಸಾಲು. ಎಷ್ಟೋ ಸಲ ಕಿವಿಗೆ ಬಿದ್ದದ್ದು. ಸಾಲುಗಳೆಲ್ಲ ‘ಅದ್, ಅದ್’ ಎಂದು ಮುಗಿಯುತ್ತವೆ ಎನ್ನುವುದು ಮೊದಲೇ ಗೊತ್ತಿತ್ತು. ಆದರೆ ಪುಟ ನೋಡಿದರೆ ಬೇರೆಯೇ ಇತ್ತು. ಮೊದಲ ಸಾಲಿನ ಕೊನೆಯ ಪದದ ಮೇಲೆ ‘ಉನ್’ ಎಂದು ಓದಬೇಕಾದ ಗುರುತು. ಎರಡನೆಯದರ ಮೇಲೆ ‘ಉ’. ಮೂರನೆಯದರಲ್ಲಿ ಸ್ವರವೇ ಇಲ್ಲ. ನಾಲ್ಕನೆಯದರಲ್ಲಿ ಮತ್ತೆ ‘ಉನ್’. ಬರೆದದ್ದನ್ನು ಬರೆದ ಹಾಗೇ ಓದಿದೆ. ಪ್ರಾಸ ಕೂಡಲಿಲ್ಲ. ಕಲಿಸುತ್ತಿದ್ದವರು ಅಲ್ಲೇ ತಡೆದು, ‘ಸಾಲು ಮುಗಿದ ಮೇಲೆ ನಿಲ್ಲುತ್ತೀರಿ ಅಲ್ವಾ? ನಿಂತರೆ ಸ್ವರ ಬಿಡಬೇಕು’ ಎಂದರು.

ಆ ಒಂದು ಮಾತನ್ನು ಬಿಡಿಸುತ್ತ ಹೋದರೆ ಅರಬ್ಬಿ ಪದಗಳ ಕೊನೆ ಹೇಗೆ ಕೆಲಸ ಮಾಡುತ್ತದೆ ಎನ್ನುವುದೆಲ್ಲ ತೆರೆದುಕೊಳ್ಳುತ್ತದೆ.

ಮೊದಲು, ಆ ಉದುರುವ ಸ್ವರ ಏನು ಎಂದು ನೋಡೋಣ. ಅದು ಸುಮ್ನೆ ಅಂಟಿಕೊಂಡ ಸದ್ದಲ್ಲ, ವಿಭಕ್ತಿ. ಕನ್ನಡದಲ್ಲಿ ‘ಮನೆಯು, ಮನೆಯನ್ನು, ಮನೆಯ’ ಎನ್ನುವ ಹಾಗೆ ಅರಬ್ಬಿಯಲ್ಲಿ ‘ಅಲ್ ಬೈತು, ಅಲ್ ಬೈತ, ಅಲ್ ಬೈತಿ’. ಕೆಲಸ ಮಾಡುವವನಿಗೆ ಉ, ಕೆಲಸಕ್ಕೆ ಒಳಗಾದದ್ದಕ್ಕೆ ಅ, ‘ಇದರ, ಇದರಲ್ಲಿ, ಇದರಿಂದ’ ಎನ್ನುವಂಥ ಸಂಬಂಧಗಳಿಗೆ ಇ. ‘ಆ ಮನೆ’ ಎಂದು ಗೊತ್ತುಮಾಡಿ ಹೇಳದೆ ‘ಯಾವುದೋ ಒಂದು ಮನೆ’ ಎನ್ನುವಾಗ ಇವೇ ಸ್ವರಗಳಿಗೆ ಒಂದು ‘ನ್’ ಸೇರುತ್ತದೆ: ಬೈತುನ್, ಬೈತನ್, ಬೈತಿನ್. ನಮ್ಮ ಪ್ರತ್ಯಯಗಳ ಹೋಲಿಕೆಯಲ್ಲಿ ಇವು ತೀರಾ ತೆಳು. ಒಂದೊಂದು ಹ್ರಸ್ವ ಸ್ವರ, ಅಷ್ಟೇ.

ಅರಬ್ಬಿಯಲ್ಲಿ ಮಾತು ನಿಲ್ಲಿಸುವುದಕ್ಕೆ ‘ವಕ್ಫ್’ ಎನ್ನುತ್ತಾರೆ, ನಿಲ್ಲಿಸದೆ ಮುಂದಿನ ಪದಕ್ಕೆ ಕೂಡಿಸಿಕೊಂಡು ಹೋಗುವುದಕ್ಕೆ ‘ವಸ್ಲ್’. ಕೂಡಿಸಿದಾಗ ಕೊನೆಯ ಸ್ವರ ಇರಬೇಕು, ನಿಂತಾಗ ಇರಬಾರದು. ಉ, ಇ, ಅ, ಉನ್, ಇನ್ ಎಲ್ಲವೂ ಹೋಗಿ ಕೊನೆಯ ವ್ಯಂಜನ ಬರಿದಾಗಿ ನಿಲ್ಲುತ್ತದೆ. ‘ಅನ್’ ಒಂದೇ ಬೇರೆ ದಾರಿ ಹಿಡಿಯುತ್ತದೆ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಈಗ ಆ ನಾಲ್ಕು ಸಾಲುಗಳನ್ನೇ ಹತ್ತಿರದಿಂದ ನೋಡೋಣ. ಅರಬ್ಬಿಯ ಕೆಲವು ಸದ್ದುಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ, ಹತ್ತಿರದ್ದನ್ನು ಬಳಸಿದ್ದೇನೆ.

ಕುಲ್ ಹುವಲ್ಲಾಹು ಅಹದ್
ಅಲ್ಲಾಹುಸ್ಸಮದ್
ಲಮ್ ಯಲಿದ್ ವಲಮ್ ಯೂಲದ್
ವಲಮ್ ಯಕುಲ್ಲಹೂ ಕುಫುವನ್ ಅಹದ್

ಹೇಳು, ಅವನು ಅಲ್ಲಾಹ್, ಒಬ್ಬನೇ. ಅಲ್ಲಾಹ್, ಎಲ್ಲರಿಗೂ ಆಸರೆ. ಅವನು ಯಾರನ್ನೂ ಹೆತ್ತಿಲ್ಲ, ಯಾರಿಗೂ ಹುಟ್ಟಿಲ್ಲ. ಅವನಿಗೆ ಸಮಾನರು ಯಾರೂ ಇಲ್ಲ. ಸ್ಥೂಲವಾಗಿ ಅರ್ಥ ಇದು.

ಮೊದಲ ಸಾಲಿನ ಕೊನೆಯ ಪದದ ಪೂರ್ತಿ ರೂಪ ‘ಅಹದುನ್’. ‘ಒಬ್ಬ’ ಎಂದು ಅರ್ಥ. ಪ್ರಥಮಾ ವಿಭಕ್ತಿ, ಜೊತೆಗೆ ನ್. ಎರಡನೆಯದು ‘ಅಸ್ಸಮದು’. ಅದೂ ಪ್ರಥಮೆಯೇ, ಆದರೆ ಮುಂದೆ ‘ಅಲ್’ ಇರುವುದರಿಂದ ನ್ ಇಲ್ಲ. ಮೂರನೆಯದು ನಾಮಪದವೇ ಅಲ್ಲ, ಕ್ರಿಯಾಪದ. ‘ಯೂಲದು’ ಎಂದರೆ ‘ಹುಟ್ಟುತ್ತಾನೆ’. ಅದರ ಹಿಂದೆ ‘ಲಮ್’ ಎಂಬ ನಿಷೇಧ ಪದ ಬಂದರೆ ಕೊನೆಯ ಉ ವ್ಯಾಕರಣದ ಪ್ರಕಾರವೇ ಹೋಗಿ ‘ಯೂಲದ್’ ಆಗುತ್ತದೆ. ಇಲ್ಲಿ ನಿಂತರೂ ಒಂದೇ, ನಿಲ್ಲದಿದ್ದರೂ ಒಂದೇ. ನಾಲ್ಕನೆಯದು ಮತ್ತೆ ‘ಅಹದುನ್’.

ಹೀಗೆ ಪೂರ್ತಿ ರೂಪದಲ್ಲಿ ಸಾಲಾಗಿ ಇಟ್ಟರೆ ಕೊನೆಗಳು ದುನ್, ದು, ದ್, ದುನ್. ನಿಲ್ಲಿಸಿ ಓದಿದರೆ ನಾಲ್ಕೂ ‘ಅದ್’. ಮೂರನೆಯ ಪದಕ್ಕೆ ವ್ಯಾಕರಣವೇ ಕೊಟ್ಟ ಬರಿ ವ್ಯಂಜನವನ್ನು ಉಳಿದ ಮೂರಕ್ಕೆ ನಿಲುಗಡೆ ಕೊಡುತ್ತದೆ. ಪ್ರಾಸ ಕೂಡುವುದು ನಿಂತಾಗ ಮಾತ್ರ.

ನಿಲ್ಲದೆ ಓದಿದರೆ ಏನಾಗುತ್ತದೆ? ಉಸಿರು ಬಿಡದೆ ಮೊದಲ ಎರಡು ಸಾಲನ್ನು ಕೂಡಿಸುವವರೂ ಇದ್ದಾರೆ, ಅದೂ ಸರಿಯಾದ ಓದೇ. ಆಗ ‘ಅಹದುನ್’ ಪೂರ್ತಿಯಾಗಿ ವಾಪಸ್ ಬರುತ್ತದೆ. ಮುಂದಿನ ಪದ ‘ಅಲ್ಲಾಹು’ವಿನ ಮೊದಲ ಅ ಜಾರಿಹೋಗುತ್ತದೆ. ನ್ ಮತ್ತು ಲ್ಲ್ ಒಂದಕ್ಕೊಂದು ತಾಗುವ ಕಾರಣ ನಡುವೆ ಒಂದು ಇ ಬರುತ್ತದೆ. ಕೇಳುವುದು ‘ಅಹದುನಿಲ್ಲಾಹುಸ್ಸಮದ್’. ‘ಅಹದ್’ ಎಂದು ಮಾತ್ರ ಕೇಳಿದವರಿಗೆ ಆ ‘ನಿ’ ಎಲ್ಲಿಂದ ಬಂತು ಎಂದು ಗಾಬರಿಯಾಗುತ್ತದೆ. ಅದು ಹೊಸದಾಗಿ ಬಂದದ್ದಲ್ಲ. ನಿಂತಾಗ ಮರೆಯಾಗಿದ್ದ ನ್ ಮತ್ತೆ ಕಾಣಿಸಿಕೊಂಡದ್ದು.

ಇಲ್ಲಿ ಒಂದು ಸಹಜವಾದ ಪ್ರಶ್ನೆ ಏಳುತ್ತದೆ. ವಿಭಕ್ತಿಯೇ ಉದುರಿಹೋದರೆ ಅರ್ಥ ತಿಳಿಯುವುದು ಹೇಗೆ? ನಾಲ್ಕನೆಯ ಸಾಲು ನೋಡಿ. ಸಾಮಾನ್ಯ ಗದ್ಯದ ಕ್ರಮದಲ್ಲಿ ಹೇಳುವುದಾದರೆ ‘ಯಾರೂ’ ಎಂಬ ಅಹದುನ್ ಮೊದಲು ಬಂದು, ‘ಸಮಾನ’ ಎಂಬ ಕುಫುವನ್ ಆಮೇಲೆ ಬರಬೇಕು. ಇಲ್ಲಿ ‘ಕುಫುವನ್’ ಮುಂದೆ ಬಂದು ‘ಅಹದ್’ ಕೊನೆಗೆ ಸರಿದಿದೆ. ಕೊನೆಗೆ ಬಂದ ಪದ ತನ್ನ ಉನ್ ಕಳೆದುಕೊಂಡಿದೆ. ಆದರೆ ನಡುವಿನ ‘ಕುಫುವನ್’ ತನ್ನ ಅನ್ ಉಳಿಸಿಕೊಂಡಿದೆ. ಆ ಅನ್ ಕೇಳಿದ ಕೂಡಲೇ ಇದು ವಾಕ್ಯದ ಕರ್ತೃ ಅಲ್ಲ ಎಂದು ಗೊತ್ತಾಗುತ್ತದೆ. ಹಾಗಾದರೆ ಕರ್ತೃ ಉಳಿದ ಪದವೇ. ನಡುವಿನ ಪದ ವ್ಯಾಕರಣದ ಭಾರ ಹೊರುತ್ತದೆ, ಕೊನೆಯ ಪದ ಪ್ರಾಸಕ್ಕೆ ಬಿಡುವಾಗುತ್ತದೆ. ನನಗೆ ಈ ಸಾಲು ಇಷ್ಟವಾಗುವುದು ಇದಕ್ಕೇ.

108ನೇ ಅಧ್ಯಾಯ ಅಲ್ ಕೌಸರ್ ಇನ್ನೂ ಚಿಕ್ಕದು, ಮೂರು ಸಾಲು. ಕೊನೆಯ ಪದಗಳು ಕೌಸರ್, ವನ್‌ಹರ್, ಅಬ್ತರ್. ಪೂರ್ತಿ ರೂಪದಲ್ಲಿ ಮೊದಲನೆಯದು ‘ಅಲ್ ಕೌಸರ’, ಕೊಟ್ಟ ವಸ್ತುವಾದ್ದರಿಂದ ಅ. ಎರಡನೆಯದು ‘ಬಲಿ ಕೊಡು’ ಎಂಬ ಆಜ್ಞೆ, ಅದಕ್ಕೆ ಮೊದಲೇ ಸ್ವರವಿಲ್ಲ. ಮೂರನೆಯದು ‘ಅಲ್ ಅಬ್ತರು’. ಅ, ಬರಿದು, ಉ. ಮೂರು ಬೇರೆ ಬೇರೆ ವ್ಯಾಕರಣ, ಕಿವಿಗೆ ಒಂದೇ ‘ಅರ್’.

ಈಗ ಆ ‘ಅನ್’ ವಿಚಾರ. ಅದು ನಿಂತಾಗ ಪೂರ್ತಿ ಉದುರುವುದಿಲ್ಲ. ನ್ ಮಾತ್ರ ಹೋಗಿ ಅ ದೀರ್ಘವಾಗುತ್ತದೆ. 100ನೇ ಅಧ್ಯಾಯ ಅಲ್ ಆದಿಯಾತ್‌ನಲ್ಲಿ ಓಡುವ ಕುದುರೆಗಳ ಚಿತ್ರವಿದೆ. ಏದುಸಿರು, ಗೊರಸಿನ ಕಿಡಿ, ಮುಂಜಾವಿನ ದಾಳಿ, ಎದ್ದ ಧೂಳು, ಗುಂಪಿನ ನಡುವೆ ನುಗ್ಗಿದ್ದು. ಐದು ಸಾಲಿನ ಕೊನೆ ಹೀಗೆ: ದಬ್‌ಹಾ, ಕದ್‌ಹಾ, ಸುಬ್‌ಹಾ, ನಕ್‌ಆ, ಜಮ್‌ಆ. ಐದೂ ‘ಅನ್’ ವಿಭಕ್ತಿಯ ಪದಗಳು, ನಿಂತಾಗ ಆ ಎಂದು ತೆರೆದುಕೊಳ್ಳುತ್ತವೆ. ಆರನೆಯ ಸಾಲಿಗೆ ಮಾತು ಕುದುರೆ ಬಿಟ್ಟು ಮನುಷ್ಯನ ಕಡೆ ತಿರುಗುತ್ತದೆ. ವಾಕ್ಯದ ಕಟ್ಟು ಬದಲಾಗುತ್ತದೆ, ಕೊನೆಯ ಪದಗಳು ಪ್ರಥಮೆಯಾಗುತ್ತವೆ: ಕನೂದುನ್, ಶಹೀದುನ್, ಶದೀದುನ್. ನಿಂತರೆ ಕನೂದ್, ಶಹೀದ್, ಶದೀದ್. ತೆರೆದ ‘ಆ’ ಮುಚ್ಚಿದ ‘ದ್’ ಆಗುತ್ತದೆ. ಅರ್ಥ ಗೊತ್ತಿಲ್ಲದವರಿಗೂ ಇಲ್ಲಿ ಏನೋ ಬದಲಾಯಿತು ಎಂದು ಕೇಳಿಸುತ್ತದೆ.

ಇದರಿಂದ ಪ್ರಾಸಕ್ಕೆ ಒಂದು ಮಿತಿಯೂ ಬರುತ್ತದೆ. ಉನ್ ಮತ್ತು ಇನ್ ಪದಗಳು ನಿಲುಗಡೆಯಲ್ಲಿ ಒಂದಾಗಬಲ್ಲವು, ಆದರೆ ಅನ್ ಪದ ಅವುಗಳ ಜೊತೆ ಸೇರುವುದಿಲ್ಲ. ಅದು ‘ಆ’ ಎಂದು ಬೇರೆಯಾಗಿ ನಿಂತುಬಿಡುತ್ತದೆ.

ಮೇಲೆ ಬರೆದ ಶದೀದ್‌ನಲ್ಲಿ ಈ ಇದೆ, ಕನೂದ್‌ನಲ್ಲಿ ಊ ಇದೆ ಎಂದು ನೀವು ಗಮನಿಸಿರಬಹುದು. ಕೊನೆಯ ವ್ಯಂಜನದ ಹಿಂದಿನ ಈ ಮತ್ತು ಊ ಇಲ್ಲಿ ಪರಸ್ಪರ ಪ್ರಾಸವೆಂದೇ ಲೆಕ್ಕ. ಕುರ್‌ಆನಿನಲ್ಲಿ ‘ಊನ್’, ‘ಈನ್’ ಕೊನೆಗಳು ಒಂದರ ಪಕ್ಕ ಒಂದು ಬರುವುದು ತೀರಾ ಸಾಮಾನ್ಯ.

ನಿಲುಗಡೆಯ ಆಟ ಇನ್ನೂ ಚೆನ್ನಾಗಿ ಕಾಣುವುದು ‘ತ್’ ಮತ್ತು ‘ಹ್’ ನಡುವೆ. ಅರಬ್ಬಿಯ ಬಹಳಷ್ಟು ಸ್ತ್ರೀಲಿಂಗ ಪದಗಳ ಕೊನೆಯಲ್ಲಿ ಒಂದು ವಿಶೇಷ ಅಕ್ಷರ ಬರುತ್ತದೆ. ಕೂಡಿಸಿ ಓದಿದರೆ ಅದು ತ್, ನಿಂತರೆ ಹ್. ಬರೆಯುವಾಗ ಅದರ ಆಕಾರ ಹ್ ಅಕ್ಷರದ್ದು, ಮೇಲಿನ ಎರಡು ಚುಕ್ಕೆ ತ್ ಅಕ್ಷರದ್ದು. ನಿಂತಾಗ ಹೇಗೆ, ಕೂಡಿದಾಗ ಹೇಗೆ ಎನ್ನುವ ಎರಡನ್ನೂ ಒಂದೇ ಅಕ್ಷರದಲ್ಲಿ ತೋರಿಸಿಬಿಟ್ಟಿದ್ದಾರೆ.

101ನೇ ಅಧ್ಯಾಯ ಅಲ್ ಕಾರಿಅಹ್ ಕಡೆಯ ದಿನದ ತೂಕದ ಬಗ್ಗೆ ಹೇಳುತ್ತದೆ. ಯಾರ ತಕ್ಕಡಿ ಭಾರವೋ ಅವನು ‘ಫೀ ಈಶತಿರ್ರಾದಿಯಹ್’, ಅಂದರೆ ಮೆಚ್ಚಿಗೆಯ ಬದುಕಿನಲ್ಲಿ. ಇಲ್ಲಿ ‘ಈಶಹ್’ ಎಂದರೆ ಬದುಕು, ‘ರಾದಿಯಹ್’ ಎಂದರೆ ತೃಪ್ತವಾದದ್ದು. ಎರಡರ ಕೊನೆಗೂ ಅದೇ ಅಕ್ಷರ, ಎರಡಕ್ಕೂ ಅದೇ ಇನ್ ವಿಭಕ್ತಿ. ಆದರೆ ಈಶಹ್ ನಡುವೆ ಇದೆ, ಮುಂದಿನ ಪದಕ್ಕೆ ಕೂಡಬೇಕು, ಹಾಗಾಗಿ ಅದರ ತ್ ಕೇಳುತ್ತದೆ: ಈಶತಿನ್, ಅದರ ನ್ ಮುಂದಿನ ರ್‌ನಲ್ಲಿ ಕರಗಿ ಈಶತಿರ್. ರಾದಿಯಹ್ ಕೊನೆಯಲ್ಲಿದೆ, ನಿಲ್ಲುತ್ತದೆ, ಹ್ ಆಗುತ್ತದೆ. ಒಂದೇ ಜಾತಿಯ ಎರಡು ಪದ ಅಕ್ಕಪಕ್ಕದಲ್ಲೇ ಎರಡು ಮುಖ ತೋರಿಸುತ್ತವೆ.

ಮುಂದೆ ತಕ್ಕಡಿ ಹಗುರಾದವನ ಸರದಿ. ಅವನ ನೆಲೆ ‘ಹಾವಿಯಹ್’, ಆಳದ ಕಂದಕ. ಪೂರ್ತಿ ರೂಪ ಹಾವಿಯತುನ್. ಆಮೇಲೆ ಪ್ರಶ್ನೆ: ‘ವಮಾ ಅದ್ರಾಕ ಮಾ ಹಿಯಹ್’, ಅದು ಏನೆಂದು ನಿನಗೇನು ಗೊತ್ತು? ಉತ್ತರ: ‘ನಾರುನ್ ಹಾಮಿಯಹ್’, ಕೆಂಡದಂಥ ಬೆಂಕಿ. ಹಾಮಿಯಹ್ ಕೂಡ ನಿಜದಲ್ಲಿ ಹಾಮಿಯತುನ್. ಆದರೆ ‘ಹಿಯಹ್’ ಏನು? ಅರಬ್ಬಿಯಲ್ಲಿ ‘ಅವಳು, ಅದು’ ಎಂಬ ಪದ ‘ಹಿಯ’ ಅಷ್ಟೇ. ಅದಕ್ಕೆ ಹ್ ಇಲ್ಲ. ಮಾಮೂಲಿ ನಿಯಮದಂತೆ ನಿಂತರೆ ಕೊನೆಯ ಅ ಹೋಗಿ ‘ಹೀ’ ಎಂದಾಗುತ್ತಿತ್ತು. ಇಲ್ಲಿ ಆ ಅ ಉಳಿಯಲೆಂದು ಅದರ ಬೆನ್ನಿಗೆ ಒಂದು ಹ್ ಕೊಟ್ಟಿದೆ. ಇದಕ್ಕೆ ‘ನಿಲುಗಡೆಯ ಹ್’ ಎಂದೇ ಹೆಸರು. ಅರ್ಥವಿಲ್ಲ, ವಿಭಕ್ತಿಯಿಲ್ಲ, ಸ್ವರವನ್ನು ಕಾಯುವುದಷ್ಟೇ ಅದರ ಕೆಲಸ.

ಹಾಗಾಗಿ ಈ ಸಾಲುಗಳಲ್ಲಿ ಎರಡು ಬಗೆಯ ಹ್ ಪ್ರಾಸವಾಗಿವೆ. ಒಂದು ತ್ ಇಳಿದು ಆದ ಹ್, ಇನ್ನೊಂದು ಇಲ್ಲದ ಕಡೆ ಬಂದು ನಿಂತ ಹ್. 69ನೇ ಅಧ್ಯಾಯದಲ್ಲಿ ‘ನನ್ನ ಪುಸ್ತಕ, ನನ್ನ ಲೆಕ್ಕ, ನನ್ನ ಆಸ್ತಿ’ ಎನ್ನುವ ಪದಗಳೂ ಹೀಗೇ ಕಿತಾಬಿಯಹ್, ಹಿಸಾಬಿಯಹ್, ಮಾಲಿಯಹ್ ಎಂದು ಹ್ ಪಡೆದುಕೊಂಡಿವೆ.

ಈ ತ್ ಮತ್ತು ಹ್ ಕತೆ ಕನ್ನಡಿಗರಿಗೆ ದೂರದ್ದಲ್ಲ. ಅರಬ್ಬಿ ಪದಗಳು ಪಾರಸಿಯ ಮೂಲಕ ನಮ್ಮವರೆಗೆ ಬಂದಾಗ ಕೆಲವು ತ್ ಮುಖ ಹೊತ್ತು ಬಂದವು, ಕೆಲವು ಹ್ ಮುಖ ಹೊತ್ತು ಬಂದವು. ತಾಕತ್ತು, ಕಿಮ್ಮತ್ತು, ಇಜ್ಜತ್ತು, ದೌಲತ್ತು ಇವೆಲ್ಲ ತ್ ಉಳಿಸಿಕೊಂಡವು. ಕಾಯ್ದೆ, ಫಾಯ್ದೆ ಎರಡೂ ಹ್ ಮುಖದವು. ಅರಬ್ಬಿಯಲ್ಲಿ ಇವಿಷ್ಟಕ್ಕೂ ಕೊನೆಯಲ್ಲಿ ಅದೇ ಅಕ್ಷರ. ಅಧ್ಯಾಯಕ್ಕೆ ‘ಸೂರಾ’, ಸಾಲಿಗೆ ‘ಆಯತ್’ ಎಂದು ನಾವು ಹೇಳುವಾಗಲೂ ಹಾಗೇ, ಒಂದು ನಿಂತ ರೂಪ, ಇನ್ನೊಂದು ಕೂಡಿದ ರೂಪ.

ಇಲ್ಲಿಯವರೆಗೆ ನೋಡಿದ್ದು ಹ್ರಸ್ವ ಸ್ವರ ಬಿಡುವ ಮಾತು. ದೀರ್ಘ ಸ್ವರ ಸಾಮಾನ್ಯವಾಗಿ ನಿಂತರೂ ಉಳಿಯುತ್ತದೆ. ಆದರೆ ಸಾಲಿನ ಕೊನೆಯಲ್ಲಿ ಅದೂ ಬಿದ್ದ ಜಾಗಗಳಿವೆ. 89ನೇ ಅಧ್ಯಾಯ ಅಲ್ ಫಜ್ರ್‌ನ ಮೊದಲ ಸಾಲುಗಳ ಕೊನೆ ಫಜ್ರ್, ಅಶ್ರ್, ವತ್ರ್, ಯಸ್ರ್, ಹಿಜ್ರ್. ನಾಲ್ಕನೆಯದು ‘ರಾತ್ರಿ ಸಾಗುವಾಗ’ ಎಂಬ ಸಾಲು. ಸಾಗು ಎಂಬ ಕ್ರಿಯಾಪದ ನಿಜದಲ್ಲಿ ‘ಯಸ್ರೀ’. ಆ ‘ಈ’ ಧಾತುವಿನದೇ ಭಾಗ, ವ್ಯಾಕರಣದ ಪ್ರಕಾರ ಹೋಗಬೇಕಾದ ಕಾರಣ ಯಾವುದೂ ಇಲ್ಲ. ಆದರೂ ಬರವಣಿಗೆಯಲ್ಲೇ ಅದನ್ನು ಬಿಟ್ಟಿದೆ. ‘ಈ’ ಸ್ವರವನ್ನು ಉಳಿಸಿಕೊಂಡು ಓದುವ ಪಾಠಪರಂಪರೆಗಳೂ ಇವೆ. ಕ್ರಿ.ಶ. 822ರಲ್ಲಿ ತೀರಿಕೊಂಡ ಕೂಫಾ ಊರಿನ ವ್ಯಾಕರಣಕಾರ ಅಲ್ ಫರ್ರಾ ಎರಡೂ ಓದನ್ನು ಹೇಳಿ, ಬಿಡುವುದೇ ತನಗೆ ಹೆಚ್ಚು ಇಷ್ಟ ಎಂದ. ‘ಆಯತ್‌ಗಳ ತಲೆ’ಗಳ ಜೊತೆ ಅದು ಹೊಂದುತ್ತದೆ ಎನ್ನುವುದು ಅವನ ಕಾರಣ. ನಾವು ಸಾಲಿನ ಕೊನೆ ಎನ್ನುವುದನ್ನು ಅರಬ್ಬಿಯಲ್ಲಿ ತಲೆ ಎನ್ನುತ್ತಾರೆ.

ಇದಕ್ಕೆ ಉಲ್ಟಾ ಕೂಡ ಇದೆ. 33ನೇ ಅಧ್ಯಾಯದಲ್ಲಿ ಹೆಚ್ಚುಕಡಿಮೆ ಎಲ್ಲ ಸಾಲುಗಳೂ ‘ಆ’ ಎಂದು ಮುಗಿಯುತ್ತವೆ. ಅದರ 67ನೇ ಸಾಲಿನಲ್ಲಿ ‘ಅಸ್ಸಬೀಲ’, ಅಂದರೆ ‘ಆ ದಾರಿಯನ್ನು’ ಎಂಬ ಪದ ಕೊನೆಗೆ ಬಂದಿದೆ. ಅಲ್ ಸೇರಿದ್ದರಿಂದ ನ್ ಇಲ್ಲ, ಹಾಗಾಗಿ ಮಾಮೂಲಿ ನಿಯಮದಲ್ಲಿ ‘ಅಸ್ಸಬೀಲ್’ ಆಗಬೇಕಿತ್ತು. ಬರೆದಿರುವುದು ‘ಅಸ್ಸಬೀಲಾ’. ಒಂದು ಕಡೆ ‘ಈ’ ಬಿಟ್ಟು, ಇನ್ನೊಂದು ಕಡೆ ‘ಆ’ ಸೇರಿಸಿ, ಸಾಲಿನ ಕೊನೆ ಸುತ್ತಲಿನ ಸಾಲುಗಳ ಜೊತೆ ನಿಲ್ಲುತ್ತದೆ.

ಓದುವವರು ಎಲ್ಲಿ ತಪ್ಪುತ್ತಾರೆ ಎಂದರೆ, ಎರಡು ತಪ್ಪು ಸಾಮಾನ್ಯ. ನಿಂತೂ ಸ್ವರ ಹೇಳುವುದು ಒಂದು, ನಾನು ಮಾಡಿದ್ದು ಅದೇ. ನಿಲ್ಲದೆಯೇ ಸ್ವರ ಬಿಡುವುದು ಇನ್ನೊಂದು: ಉಸಿರು ಬಿಡದೆ ‘ಅಹದ್ ಅಲ್ಲಾಹು’ ಎಂದು ಸಾಗಿಬಿಡುವುದು. ಕನ್ನಡದ ಬಾಯಿಗೆ ಮೂರನೆಯದೂ ಇದೆ. ನಮಗೆ ಪದ ವ್ಯಂಜನದಲ್ಲಿ ಮುಗಿದರೆ ಸಮಾಧಾನವಿಲ್ಲ. ಬಸ್ ‘ಬಸ್ಸು’ ಆಗುತ್ತದೆ, ಕಾರ್ ‘ಕಾರು’ ಆಗುತ್ತದೆ. ಅರಬ್ಬಿಯ ಕಿತಾಬುನ್ ಉನ್ ಕಳೆದುಕೊಂಡು ಕಿತಾಬ್ ಆಗಿ ಬಂತು, ನಾವು ಮತ್ತೆ ಉ ಸೇರಿಸಿ ಕಿತಾಬು ಮಾಡಿದೆವು. ಆ ಉ ನಮ್ಮದು, ಅರಬ್ಬಿಯದ್ದಲ್ಲ. ಆದರೆ ಅದೇ ಅಭ್ಯಾಸದಲ್ಲಿ ‘ಅಹದು’ ಎಂದರೆ ಅರಬ್ಬಿ ಕಿವಿಗೆ ಅದು ವಿಭಕ್ತಿಯಾಗಿ ಕೇಳುತ್ತದೆ.

ಇನ್ನೂ ಒಂದು ತೊಡಕಿದೆ. ದ್, ಬ್, ಜ್ ಮುಂತಾದ ಐದು ವ್ಯಂಜನಗಳು ಬರಿದಾಗಿ ನಿಂತಾಗ ಅವನ್ನು ಒತ್ತಿಹಿಡಿಯದೆ ಸಣ್ಣ ಪುಟಿತದೊಂದಿಗೆ ಬಿಡಬೇಕು. ಇದಕ್ಕೆ ‘ಕಲ್ಕಲಾ’ ಎನ್ನುತ್ತಾರೆ. ಅಹದ್‌ನ ದ್ ಹೀಗೆ ಪುಟಿಯುತ್ತದೆ. ಅದನ್ನು ಕೇಳಿ ಕಲಿಯುವವರು ಅಲ್ಲೊಂದು ಉ ಇದೆ ಎಂದುಕೊಳ್ಳುತ್ತಾರೆ. ಪತ್ತೆ ಹಚ್ಚುವುದು ಸುಲಭ: ಹೇಳುವಾಗ ತುಟಿ ನೋಡಿಕೊಳ್ಳಿ. ತುಟಿ ಮುಂದೆ ದುಂಡಗಾದರೆ ಉ ಬಂದಿದೆ. ಪುಟಿತಕ್ಕೆ ತುಟಿ ದುಂಡಗಾಗುವ ಅಗತ್ಯವಿಲ್ಲ. ಫಜ್ರ್, ಅಶ್ರ್ ಹೇಳುವಾಗ ನಡುವೆ ಅ ಸೇರಿಸಿ ‘ಫಜರ್’ ಮಾಡುವುದೂ ನಮ್ಮಲ್ಲಿ ಜಾಸ್ತಿ. ಶಾಸ್ತ್ರೀಯ ಅರಬ್ಬಿಯಲ್ಲಿ ಹೀಗೆ ಎರಡು ಬೇರೆ ಬೇರೆ ವ್ಯಂಜನ ಬರಿದಾಗಿ ಒಟ್ಟಿಗೆ ನಿಲ್ಲುವುದು ನಿಲುಗಡೆಯಲ್ಲಿ ಮಾತ್ರ.

ಇಷ್ಟೆಲ್ಲ ಓದಿ, ಅರಬ್ಬಿಯ ಪ್ರಾಸವೆಲ್ಲ ಹೀಗೇ ಎಂದುಕೊಳ್ಳಬಾರದು. ಛಂದಸ್ಸಿನ ಕವಿತೆಯಲ್ಲಿ ಬಹುಮಟ್ಟಿಗೆ ಇದಕ್ಕೆ ಎದುರಾದ ಪದ್ಧತಿ. ಅಲ್ಲಿ ಸಾಲಿನ ಕೊನೆಯ ಸ್ವರವನ್ನು ಬಿಡುವ ಬದಲು ಎಳೆಯುತ್ತಾರೆ. ಇ ಈ ಆಗುತ್ತದೆ, ಉ ಊ ಆಗುತ್ತದೆ. ಪ್ರಾಸಕ್ಕೆ ಹೇಳುವ, ಗಜಲ್ ಓದುವವರಿಗೆ ಪರಿಚಯವಿರುವ ‘ಕಾಫಿಯಾ’ ಎಂಬ ಪದ ಇಲ್ಲಿಯದೇ. ಸ್ವರ ಕೇಳುವುದರಿಂದ ಅದೂ ಪ್ರಾಸದ ಭಾಗ. ಈ ಮತ್ತು ಊ ಬೆರೆತರೆ ಅದು ದೋಷ, ಅದಕ್ಕೆ ‘ಇಕ್ವಾ’ ಎಂದು ಹೆಸರು.

ಈ ದೋಷದ ಬಗ್ಗೆ ಒಂದು ಹಳೆಯ ಕತೆ ಇದೆ. ಇಸ್ಲಾಮಿಗೂ ಮುಂಚಿನ ದೊಡ್ಡ ಕವಿ ಅನ್ನಾಬಿಗಾ ಒಂದು ಕವಿತೆಯಲ್ಲಿ ಸಾಲುಗಳನ್ನು ‘ದೀ’ ಎಂದು ಮುಗಿಸುತ್ತ ಹೋದ. ಮೊದಲ ಸಾಲಿನ ಕೊನೆ ‘ಮುಝವ್ವದೀ’. ಮುಂದೊಂದು ಸಾಲಿನಲ್ಲಿ, ನಾಳೆ ಅಗಲಿಕೆ ಎಂದು ಕರಿ ಕಾಗೆ ಸುದ್ದಿ ಹೇಳಿತು ಎನ್ನುವಾಗ, ‘ಕರಿ’ ಎಂಬ ಪದ ‘ಅಲ್ ಅಸ್ವದೂ’ ಆಯಿತು. ಸುದ್ದಿ ಹೇಳಿದ್ದು ಕಾಗೆ, ಹಾಗಾಗಿ ಪ್ರಥಮೆ, ಹಾಗಾಗಿ ಉ. ಅಂಥ ಕವಿಗೆ ನೇರವಾಗಿ ಹೇಳಲು ಯಾರಿಗೂ ಧೈರ್ಯವಿಲ್ಲ. ಅವನು ಯಸ್ರಿಬ್ ಊರಿಗೆ ಬಂದಾಗ, ಅಂದರೆ ಇಂದಿನ ಮದೀನಾಕ್ಕೆ, ಅಲ್ಲಿಯ ಜನ ಒಬ್ಬ ಹಾಡುಗಾರ್ತಿಗೆ ಆ ಕವಿತೆಯನ್ನೇ ಹಾಡಲು ಹೇಳಿದರು. ಅವಳು ಕೊನೆಗಳನ್ನು ಉದ್ದಕ್ಕೆ ಎಳೆದಳು: ಮುಝವ್ವದೀ, ಅಲ್ ಅಸ್ವದೂ. ಕವಿಗೆ ತಪ್ಪು ಕೇಳಿಸಿತು.

ಪುಟ್ಟ ಆಯತ್‌ಗಳ ಹಾಗೆ ನಿಲ್ಲಿಸಿ ಓದಿದ್ದರೆ ಈ ಎರಡು ಪದ ‘ಮುಝವ್ವದ್, ಅಸ್ವದ್’ ಆಗಿ ಒಳ್ಳೆಯ ಜೋಡಿಯೇ ಆಗುತ್ತಿದ್ದವು. ಎಳೆಯುವ ಪದ್ಧತಿಯಲ್ಲಿ ಅದು ಸಾಧ್ಯವಿರಲಿಲ್ಲ. ಆಮೇಲೆ ಅವನು ಸಾಲು ತಿದ್ದಿದ ಎನ್ನುತ್ತಾರೆ. ‘ಕರಿ ಕಾಗೆ ಸುದ್ದಿ ಹೇಳಿತು’ ಎಂದಿದ್ದದ್ದು ‘ಕರಿ ಕಾಗೆಯ ಕೂಗು ಅದನ್ನೇ ಸಾರಿತು’ ಎಂಬ ಅರ್ಥಕ್ಕೆ ಬಂತು. ಕಾಗೆ ಷಷ್ಠಿಗೆ ಇಳಿಯಿತು, ಅದರ ಜೊತೆ ‘ಕರಿ’ಯೂ ಇಳಿಯಿತು, ಕೊನೆ ‘ಅಲ್ ಅಸ್ವದೀ’ ಆಯಿತು.